ವರ್ಕ್‌ಶೀಟಿನಲ್ಲಿ 19,200 ಎಲ್ಲಿ ಹೋಯಿತು?

ಕೇಳಿದವರು: ಹತ್ತು ಕಾಲಮ್ಮಿನ ವರ್ಕ್‌ಶೀಟ್ ಮಾಡುತ್ತಿದ್ದೇನೆ. ಟ್ರಯಲ್ ಬ್ಯಾಲೆನ್ಸಿನಲ್ಲಿ ಯಂತ್ರ 1,20,000, ಅದರ ಸಂಚಿತ ಸವಕಳಿ 24,000. ಪೀಠೋಪಕರಣ 50,000, ಅದರ ಸಂಚಿತ ಸವಕಳಿ 10,000. ಯಂತ್ರಕ್ಕೆ ರೆಡ್ಯೂಸಿಂಗ್ ಬ್ಯಾಲೆನ್ಸ್ 20%. ಪೀಠೋಪಕರಣಕ್ಕೆ ಸ್ಟ್ರೈಟ್ ಲೈನ್, 9 ವರ್ಷ, ಗುಜರಿ ಬೆಲೆ 5,000. ಲಾಭ-ನಷ್ಟದ ಕಾಲಮ್ಮಿನಲ್ಲಿ ಲಾಭ 60,000 ಬರುತ್ತದೆ. ಬ್ಯಾಲೆನ್ಸ್ ಶೀಟ್ ಕಾಲಮ್ಮಿನಲ್ಲಿ ವ್ಯತ್ಯಾಸ 40,800 ಮಾತ್ರ. ಎರಡು ದಿನದಿಂದ ಹುಡುಕುತ್ತಿದ್ದೇನೆ. ಯಾರಿಗಾದರೂ ಹೀಗಾಗಿತ್ತಾ?

ಕಾಮರ್ಸ್ ವಿದ್ಯಾರ್ಥಿ: ಯಂತ್ರದ ಸವಕಳಿಯನ್ನು 1,20,000ದ ಮೇಲೆ ಹಾಕಿರಬೇಕು. 24,000 ಕಳೆದು 96,000ದ ಮೇಲೆ ಹಾಕಿ. ಅದಕ್ಕೂ ಮೊದಲು ಯಂತ್ರದ ಗುಜರಿ ಬೆಲೆಯನ್ನೂ ಕಳೆಯಬೇಕು, ಪೀಠೋಪಕರಣಕ್ಕೆ ಮಾಡಿದ ಹಾಗೆಯೇ.

ಹಳೇ ಲೆಕ್ಕಿಗ: 96,000ದ ಮೇಲೆ ಅಂದಿದ್ದು ಸರಿ. ಆದರೆ ರೆಡ್ಯೂಸಿಂಗ್ ಬ್ಯಾಲೆನ್ಸಿನಲ್ಲಿ ಗುಜರಿ ಬೆಲೆ ಮೊದಲೇ ಕಳೆಯುವುದಿಲ್ಲ. ದರ ಗೊತ್ತುಮಾಡುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಈ ಯಂತ್ರಕ್ಕೆ 20%ರಂತೆ 10 ವರ್ಷ ಹಾಕಿದರೂ ಸುಮಾರು 12,885 ಉಳಿದೇ ಇರುತ್ತದೆ, ನೋಡಿ.

ಈಗ ಕೇಳಿದವರಿಗೆ. 60,000ದಿಂದ 40,800 ಕಳೆಯಿರಿ. 19,200. ಅದು 96,000ದ ಸರಿಯಾಗಿ 20%. ಅಂದರೆ ನೀವು ಸವಕಳಿ ಲೆಕ್ಕ ಹಾಕಿದ್ದು ಸರಿಯೇ ಇದೆ, ಬರೆಯುವಾಗ ಎಲ್ಲೋ ಎಡವಿದ್ದೀರಿ. ವ್ಯತ್ಯಾಸದ ಮೊತ್ತ ಯಾವುದೋ ಹೊಂದಾಣಿಕೆಯ ಮೊತ್ತಕ್ಕೆ ಸಮ ಬಂದರೆ, ನಾನು ಮೊದಲು ಆ ಸಾಲನ್ನೇ ನೋಡುತ್ತೇನೆ. ಹೊಂದಾಣಿಕೆ ಆದ ಮೇಲಿನ ಟ್ರಯಲ್ ಬ್ಯಾಲೆನ್ಸ್ ಕೂಡಿತ್ತಾ? ಬ್ಯಾಲೆನ್ಸ್ ಶೀಟ್ ಕಾಲಮ್ಮಿನಲ್ಲಿ ಯಂತ್ರದ ಎದುರು ಎಷ್ಟು ಬರೆದಿದ್ದೀರಿ?

ಕೇಳಿದವರು: ಅದು ಸರಿಯಾಗಿ ಕೂಡಿತ್ತು ಸರ್. ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರ 1,00,800 ಬರೆದಿದ್ದೇನೆ. ಸವಕಳಿ ಕಳೆಯಬೇಕಲ್ವಾ?

ಹಳೇ ಲೆಕ್ಕಿಗ: ಅಲ್ಲೇ ಇದೆ. 19,200ನ್ನು ಸವಕಳಿ ಖರ್ಚಿಗೆ ಡೆಬಿಟ್ ಮಾಡಿ, ಸಂಚಿತ ಸವಕಳಿಗೆ ಕ್ರೆಡಿಟ್ ಮಾಡಿದ್ದೀರಿ. ಹಾಗಾಗಿ ಸಂಚಿತ ಸವಕಳಿ 43,200 ಆಗಿ ಕ್ರೆಡಿಟ್ ಕಾಲಮ್ಮಿನಲ್ಲಿ ಕೂತಿದೆ. ಯಂತ್ರದಿಂದಲೂ ಆ 19,200ನ್ನೇ ಮತ್ತೆ ಕಳೆದಿದ್ದೀರಿ. ವರ್ಕ್‌ಶೀಟಿನಲ್ಲಿ ಯಂತ್ರ 1,20,000 ಆಗಿಯೇ ಕೊನೆಯವರೆಗೆ ಹೋಗಬೇಕು. 76,800 ಅಂತ ಕಳೆದು ತೋರಿಸುವುದು ಆಮೇಲೆ, ಬ್ಯಾಲೆನ್ಸ್ ಶೀಟ್ ಬೇರೆ ಬರೆಯುವಾಗ. ಪೀಠೋಪಕರಣವೂ ಹಾಗೆಯೇ: 50,000 ಡೆಬಿಟ್, ಈ ವರ್ಷದ 5,000 ಸೇರಿ 15,000 ಕ್ರೆಡಿಟ್.

ಕೇಳಿದವರು: 1,20,000 ಬರೆದ ತಕ್ಷಣ 60,000 ಬಂತು! ತುಂಬಾ ಧನ್ಯವಾದ ಸರ್.

ಅಂಗಡಿ ಲೆಕ್ಕ ಬರೆಯುವವಳು: ರೆಡ್ಯೂಸಿಂಗ್ ಬ್ಯಾಲೆನ್ಸ್, ಸ್ಟ್ರೈಟ್ ಲೈನ್ ಎರಡರಲ್ಲಿ ನನಗೆ ಸ್ಟ್ರೈಟ್ ಲೈನ್ ಸುಲಭ. ಆದರೆ ನಮ್ಮಲ್ಲಿ ಸಂಚಿತ ಸವಕಳಿ ಅನ್ನೋ ಖಾತೆಯೇ ಇಲ್ಲ. ಪೀಠೋಪಕರಣ ನೇರವಾಗಿ 40,000 ಅಂತಲೇ ಇರುತ್ತದೆ. ನಾನು 5,000 ಕಳೆದು 9ರಿಂದ ಭಾಗಿಸುತ್ತಿದ್ದೆ, ವರ್ಷ ವರ್ಷ ಮೊತ್ತ ಕಡಿಮೆಯಾಗುತ್ತಾ ಹೋಗುತ್ತಿತ್ತು.

ಹಳೇ ಲೆಕ್ಕಿಗ: ನಿಮ್ಮದು ಬೇರೆ ಪದ್ಧತಿ, ಮೇಡಂ. ನಿಮ್ಮಲ್ಲಿ ಕ್ರೆಡಿಟ್ ನೇರವಾಗಿ ಆಸ್ತಿಗೇ ಹೋಗುತ್ತದೆ, ಆಸ್ತಿಯಿಂದ ಕಳೆಯುವುದೇ ಸರಿ. ಆದರೆ 40,000 ಕೊಂಡ ಬೆಲೆಯಲ್ಲ. ಲೆಡ್ಜರ್ ತೆಗೆದು ಕೊಂಡ ಬೆಲೆ ಹುಡುಕಿ, ಅದರಿಂದ ಗುಜರಿ ಬೆಲೆ ಕಳೆದು 9ರಿಂದ ಭಾಗಿಸಿ. ಇಲ್ಲವೇ 35,000ವನ್ನು ಉಳಿದ 7 ವರ್ಷಕ್ಕೆ ಹಂಚಿ. ಎರಡೂ ದಾರಿಯಲ್ಲಿ 5,000ವೇ ಬರುತ್ತದೆ. ಸ್ಟ್ರೈಟ್ ಲೈನಿನಲ್ಲಿ ಮೊತ್ತ ಇಳಿಯುತ್ತಿದ್ದರೆ, ಭಾಗಿಸಿದ್ದು ತಪ್ಪಾಗಿದೆ ಅಂತಲೇ ಅರ್ಥ.

ಸಂಜೆ ತರಗತಿಯವರು: ನನ್ನ ಅನುಭವ ಇದಕ್ಕಿಂತ ಕಷ್ಟದ್ದು. ಎರಡನೇ ವರ್ಷವೂ 20%ನ್ನು ಮೂಲ ಬೆಲೆಯ ಮೇಲೆಯೇ ಹಾಕಿ, ಎರಡೂ ಕಡೆ 24,000 ಬರೆದಿದ್ದೆ. ವರ್ಕ್‌ಶೀಟ್ ಚೆನ್ನಾಗಿ ಕೂಡಿತು! ಲಾಭ ಮಾತ್ರ 4,800 ಕಡಿಮೆ. ಡೆಬಿಟ್ಟಿಗೂ ಕ್ರೆಡಿಟ್ಟಿಗೂ ಒಂದೇ ತಪ್ಪು ಮೊತ್ತ ಹೋದರೆ ಯಾವ ಕಾಲಮ್ಮೂ ಹೇಳುವುದಿಲ್ಲ. ಅಂದಿನಿಂದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮೂರು ವರ್ಷದ ಮೊತ್ತ ಬರೆದುಕೊಳ್ಳುತ್ತೇನೆ: 24,000, 19,200, 15,360. ಪ್ರತಿ ವರ್ಷ ಹಿಂದಿನದರ ಐದರಲ್ಲಿ ನಾಲ್ಕು ಭಾಗ ಬರಬೇಕು. ಪೀಠೋಪಕರಣದ ಸಂಚಿತ ಸವಕಳಿಯನ್ನು 5,000ದಿಂದ ಭಾಗಿಸುತ್ತೇನೆ. 10,000 ಅಂದರೆ ಸರಿಯಾಗಿ 2 ವರ್ಷ ಕಳೆದಿದೆ. ವರ್ಷದ ನಡುವೆ ಕೊಳ್ಳದಿದ್ದರೂ ಪೂರ್ಣ ಸಂಖ್ಯೆ ಬರದಿದ್ದರೆ ಹಳೆಯ ಲೆಕ್ಕವನ್ನೇ ಅನುಮಾನಿಸುತ್ತೇನೆ.

ಕಾಮರ್ಸ್ ವಿದ್ಯಾರ್ಥಿ: ಗುಜರಿ ಬೆಲೆ ವಿಷಯ ತಿದ್ದಿಕೊಂಡೆ ಸರ್. ಇನ್ನೊಂದು ಪ್ರಶ್ನೆ. ವರ್ಷ ಮುಗಿಯಲು 3 ತಿಂಗಳಿರುವಾಗ 30,000ದ ಇನ್ನೊಂದು ಯಂತ್ರ ಕೊಂಡರೆ 6,000 ಹಾಕಬೇಕಾ, 1,500 ಹಾಕಬೇಕಾ?

ಸಂಜೆ ತರಗತಿಯವರು: ಪ್ರಶ್ನೆಯಲ್ಲಿ ವಾರ್ಷಿಕ 20% ಅಂತಿದ್ದರೆ 1,500. ಬರೀ 20% ಅಂತಿದ್ದರೆ ಪೂರ್ತಿ 6,000 ಅಂತ ನಮಗೆ ಹೇಳಿಕೊಟ್ಟಿದ್ದರು.

ಹಳೇ ಲೆಕ್ಕಿಗ: ನಾನು ಅದನ್ನು ಒಪ್ಪುವುದಿಲ್ಲ. 3 ತಿಂಗಳು ಓಡಿದ ಯಂತ್ರಕ್ಕೆ 12 ತಿಂಗಳ ಸವಕಳಿ ಯಾಕೆ? ಕೊಂಡ ತಾರೀಖು ಕೊಟ್ಟಿದ್ದರೆ ತಿಂಗಳ ಲೆಕ್ಕವೇ ಹಾಕಿ. ಯಾವ ಆಧಾರದ ಮೇಲೆ ಹಾಕಿದಿರಿ ಅಂತ ಕೆಳಗೆ ಒಂದು ಸಾಲು ಬರೆದಿಡಿ.