ಕಥೆಯಲ್ಲಿ ಎರಡು ವರ್ಷದ ಬದಲಾವಣೆ ತೋರಿಸುವುದು ಹೇಗೆ? ಕಾರವಾರ ಸ್ಟೇಶನ್ನಿನ ದೃಶ್ಯ

ಕೇಳಿದವರು: ಎರಡು ವರ್ಷ ದೂರ ಇದ್ದ ಇಬ್ಬರು ಕಾರವಾರ ಸ್ಟೇಶನ್ನಿನಲ್ಲಿ ಭೇಟಿಯಾಗುವ ಸಣ್ಣಕಥೆ ಬರೀತಾ ಇದ್ದೇನೆ. ಮಿತಿ 1,500 ಪದ. ಹುಡುಗ ಬೆಂಗಳೂರಿನಿಂದ ಪಂಚಗಂಗಾ ರೈಲಿನಲ್ಲಿ ಬಂದಿಳೀತಾನೆ, ಹುಡುಗಿ ಕಾಯ್ತಾ ಇದ್ದಾಳೆ. ಇಬ್ಬರೂ ಬದಲಾಗಿದ್ದಾರೆ. "ಅವನು ಮೊದಲಿನಂತಿರಲಿಲ್ಲ" ಅಂತ ಬರೆದೆ, ಸಪ್ಪೆ ಆಯ್ತು. ಇಂಥದ್ದು ಬರೆದು ಕೈ ಸುಟ್ಟುಕೊಂಡವರು ಹೇಳಿ.

ಕಡವಾಡದವ: ತಪ್ಪು ಆ ವಾಕ್ಯದ್ದಲ್ಲ. ಮೊದಲು ಹೇಗಿದ್ದ ಅಂತ ಓದುವವನಿಗೆ ಗೊತ್ತಿಲ್ಲದಿದ್ದರೆ ಬದಲಾದದ್ದು ಕಾಣೋದಾದರೂ ಹೇಗೆ? ನನ್ನ ಕಥೆಯೂ ಇದೇ ಸ್ಟೇಶನ್ನಿನದು. ಗಂಡ ಕತಾರಿನಲ್ಲಿ, ಎರಡು ವರ್ಷದ ಕಾಂಟ್ರಾಕ್ಟ್. ಮೊದಲ ಕರಡು 4,300 ಪದ ಆಗಿತ್ತು, ಅದರಲ್ಲಿ ಅರ್ಧ ಹಳೆಯ ನೆನಪು. ಎರಡು ಕಡೆಯಿಂದ ವಾಪಸ್ ಬಂತು. ರೋಗ ಎಲ್ಲಿದೆ ಅಂತ ಗೊತ್ತಾಗಿದ್ದು ನಾಲ್ಕನೇ ಕರಡಿಗೆ, ಮುಗಿದದ್ದು ಏಳನೆಯದಕ್ಕೆ.

ಮಾಡಿದ್ದು ಇಷ್ಟು. ರೈಲು ಬರುವ ಮೊದಲಿನ 250 ಪದದಲ್ಲಿ ಒಬ್ಬೊಬ್ಬರ ಎರಡೆರಡು ಹಳೆಯ ಅಭ್ಯಾಸ ನೆಟ್ಟೆ. ಭೇಟಿಯಾದ ಮೇಲೆ ಒಂದು ಮುರೀಬೇಕು, ಒಂದು ಹಾಗೇ ಉಳೀಬೇಕು. ಎರಡೂ ಮುರಿದರೆ ಅವನು ಬೇರೆ ಯಾರೋ ಆಗ್ತಾನೆ, ಓದುಗ "ಅಲ್ಲಿ ಬೇರೆ ಹೆಂಗಸಿದ್ದಾಳೆ" ಅಂತ ಪತ್ತೇದಾರಿಕೆ ಶುರು ಮಾಡ್ತಾನೆ. ನನ್ನ ಮೂರನೇ ಕರಡಿಗೆ ಆದದ್ದೇ ಅದು. ಓದಿದ ಮೂವರೂ ಅದನ್ನೇ ಕೇಳಿದರು.

ನೆಡುವುದಕ್ಕೆ ಹಳೆಯ ನೆನಪು ಬೇಡ. ಅವಳು ಬೆಂಚಿನ ಮೇಲೆ ಕೂತಿದ್ದಾಳೆ. ಪಕ್ಕದ ಅಪರಿಚಿತ ಚಾ ಕುಡಿದು ಕಾಗದದ ಲೋಟ ಅಲ್ಲೇ ಬಿಟ್ಟು ಎದ್ದು ಹೋಗ್ತಾನೆ. ಅವಳ ಕೈ ತಾನಾಗಿ ಆ ಲೋಟ ಎತ್ತಲು ಮುಂದೆ ಹೋಗಿ, ನಾಚಿ ವಾಪಸ್ ಬರ್ತದೆ. ಮನೆಯಲ್ಲಿ ಯಾರು ಲೋಟ ಬಿಡ್ತಿದ್ದರು, ಯಾರು ಎತ್ತುತ್ತಿದ್ದರು ಅನ್ನೋದು ಅಷ್ಟರಲ್ಲೇ ಬಂತು. ಆಮೇಲೆ ಗಂಡ ಇಳಿದು ಇಬ್ಬರೂ ಚಾ ಕುಡೀತಾರೆ. ಅವಳು ಕೈ ಚಾಚುವ ಮೊದಲೇ ಅವನು ಎದ್ದು ಎರಡೂ ಲೋಟ ಒಂದರೊಳಗೊಂದು ತೂರಿಸಿ ಡಬ್ಬಿಗೆ ಹಾಕಿ ಬರ್ತಾನೆ. ಎಂಟು ಜನರ ರೂಮಿನಲ್ಲಿ ಕಲಿತದ್ದು. ಆ "ಎಂಟು ಜನರ ರೂಮು" ಅನ್ನೋದನ್ನ ಕಥೆಯಲ್ಲಿ ಹೇಳಬಾರದು. ಹೇಳಿದ ಕರಡೂ ಇತ್ತು, ಅದು ಸತ್ತ ಕರಡು.

ಅವಳ ಕಡೆಯದು ಸ್ಕೂಟರ್. ಸ್ಟೇಶನ್ ಶಿರವಾಡದಲ್ಲಿ, ಊರಿಂದ ದೂರ. ಮೊದಲು ಆಟೊ ಬೇಕಿತ್ತು, ಈಗ ಅವಳೇ ಗಾಡಿ ತಂದಿದ್ದಾಳೆ. ಅವನು ಅಭ್ಯಾಸದಂತೆ ಹ್ಯಾಂಡಲ್ಲಿಗೆ ಕೈ ಹಾಕ್ತಾನೆ, ಅವಳು ಆಗಲೇ ಕೂತಾಗಿದೆ. ಹಿಂದೆ ಕೂತವನಿಗೆ ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗೋದಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ಬೆಟ್ಟದ ಮನೆ, ಶಿರಸಿ: ಪಂಚಗಂಗಾಕ್ಕೆ ಕಾರವಾರವೇ ಕೊನೆಯ ಸ್ಟೇಶನ್. ಎಲ್ಲರೂ ನಿಧಾನ ಇಳೀತಾರೆ, ಯಾರಿಗೂ ಅವಸರ ಇಲ್ಲ. ಅಂಥ ಕಡೆ ಒತ್ತಡ ಹುಟ್ಟೋದು ಕಷ್ಟ. ನಾನು ಕುಮಟಾ ಆರಿಸಿದೆ, ಇವತ್ತಿಗೂ ಸರಿ ಅಂತಲೇ ಹೇಳ್ತೆ. ಶಿರಸಿಗೆ ರೈಲಿಲ್ಲ. ದೇವಿಮನೆ ಘಟ್ಟ ಇಳಿದು ಬಂದವಳು ಅಷ್ಟು ದೂರ ಬಂದದ್ದಕ್ಕೇ ಒಂದು ತೂಕ ಇರ್ತದೆ. ಮುಂಬೈ ಗಾಡಿ ಎರಡು ನಿಮಿಷ ನಿಲ್ತದೆ. ಅವಳು ಒಂದು ತುದಿಗೆ ನಿಂತಿದ್ದಾಳೆ, ಅವನ ಬೋಗಿ ಇನ್ನೊಂದು ತುದಿಗೆ ಬಂತು. ಒಂದು ಬೋಗಿ ಸುಮಾರು 24 ಮೀಟರು, ಹತ್ತು ಬೋಗಿ ಅಂದ್ರೆ ಕಾಲು ಕಿಲೋಮೀಟರು. ಬ್ಯಾಗು ಹಿಡಿದು ನಡೆದರೆ ಮೂರ್ನಾಲ್ಕು ನಿಮಿಷ. ಅವರು ಹತ್ತಿರ ಬರುವ ಮೊದಲೇ ರೈಲು ಹೊರಟು ಹೋಗಿರ್ತದೆ, ಸದ್ದೂ ನಿಂತಿರ್ತದೆ.

ನನ್ನ ಕಥೆ ಇರೋದೇ ಆ ನಡಿಗೆಯಲ್ಲಿ. ದೂರದಿಂದ ಗುರುತು ಸಿಕ್ಕಿತು, ಆದರೆ ನಗು ಎಲ್ಲಿಂದ ಶುರು ಮಾಡೋದು? ಬೇಗ ನಕ್ಕರೆ ಅಷ್ಟುದ್ದ ನಗು ಹೊತ್ತು ನಡೀಬೇಕು. ಅವಳು ನೆಲ ನೋಡ್ತಾಳೆ, ಅವನು ಬೋರ್ಡು ಓದೋ ಹಾಗೆ ಮಾಡ್ತಾನೆ. ನಡಿಗೆ ಫೋನಿನಲ್ಲಿ ಕಂಡಿರೋದಿಲ್ಲ, ಕಂಡದ್ದು ಬರೀ ಮುಖ. ಅವನ ಒಂದು ಭುಜ ಇಳಿದಿದೆ ಅನ್ನೋದು ಅವಳಿಗೆ ತಿಳಿಯೋದು ಆವಾಗ. ಇದಕ್ಕೆ 600 ಪದ ಕೊಟ್ಟೆ. ಸಂಪಾದಕರೊಬ್ಬರು "ಇಷ್ಟು ನಡಿಗೆ ಯಾಕೆ, ಮಾತು ಹಾಕಿ" ಅಂದ್ರು. ಹಾಕಲಿಲ್ಲ. ಕಥೆ ಅಲ್ಲಿ ಬರಲಿಲ್ಲ, ಹೋಗ್ಲಿ.

ಮಾತು ಇರೋದು ಮೂರೇ ಸಾಲು. ಹೋಗುವಾಗ ಹವ್ಯಕ ಮಾತಾಡ್ತಿದ್ದವ ಈಗ "ಪರವಾಗಿಲ್ಲ" ಅಂತಾನೆ. ಅವಳು "ಅಡ್ಡಿಲ್ಲೆ" ಅಂತಾಳೆ. ಎರಡೂ ಒಂದೇ ಅರ್ಥ.

ರೈಲು ಪ್ರೇಮಿ: ಭಾವನೆ ಎಲ್ಲ ಆಮೇಲೆ, ಮೊದಲು ರೈಲು ಸರಿ ಮಾಡ್ಕೊಳ್ಳಿ. ನಮ್ಮ ಕಡೆ ಒಂಟಿ ಹಳಿ. ಎದುರಿನ ಗಾಡಿ ಬರೋವರೆಗೆ ಸಣ್ಣ ಸ್ಟೇಶನ್ನಿನಲ್ಲಿ ಕ್ರಾಸಿಂಗಿಗೆ ನಿಲ್ಲಿಸ್ತಾರೆ, ಕಾಯಿಸೋದಕ್ಕೆ ಅಪಘಾತ ಕಲ್ಪಿಸೋದು ಬೇಡ. ಮಳೆಗಾಲದ ವೇಳಾಪಟ್ಟಿಯೇ ಬೇರೆ, ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸ್ತಾರೆ, ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ. ಮತ್ತೆ ಡೀಸೆಲ್ ಎಂಜಿನ್ನಿನ ಹೊಗೆ, ಆ ವಾಸನೆ, ಅದನ್ನ ಬಿಡಬೇಡಿ. ವಾಸನೆಯಿಂದ ನೆನಪು ಬರ್ತದೆ.

ಕಡವಾಡದವ: ಹೊಗೆ ಎಲ್ಲಿಂದ ತರ್ತೀರಿ? 2022ರಲ್ಲೇ ಕೊಂಕಣ ರೈಲ್ವೆ ಪೂರ್ತಿ ವಿದ್ಯುತ್ ಆಗಿದೆ. ಮಳೆಗಾಲದ ಪಟ್ಟಿಯನ್ನೂ 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಕಥೆ ಯಾವ ವರ್ಷದ್ದು ಅಂತ ಮೊದಲು ಗಟ್ಟಿ ಮಾಡ್ಕೊಳ್ಳಬೇಕು. ಒಂಟಿ ಹಳಿಯ ಮಾತು ಸರಿ. ಆದರೆ ರೈಲು ತಡ ಮಾಡಿಸಿ ಕುತೂಹಲ ಹುಟ್ಟಿಸೋದು ಸವೆದ ಚಪ್ಪಲಿ.

ರೈಲು ಪ್ರೇಮಿ: ವಿದ್ಯುತ್ ಆದ ಮೇಲೂ ಡೀಸೆಲ್ ಓಡಿದ್ದನ್ನ ಕಣ್ಣಾರೆ ಕಂಡಿದ್ದೇನೆ. ಸ್ಕೂಟರ್ ಮೇಲೆ ಕತಾರಿನ ಪೆಟ್ಟಿಗೆ ಕೂರಿಸಿದವರು ನನಗೆ ಪಾಠ ಹೇಳೋದು ಬೇಡ.

ಅಂಕೋಲೆ ಮಾಸ್ತರ: ನೀವೆಲ್ಲ ಸುತ್ತಿ ಬಳಸಿ ಹೇಳ್ತಾ ಇರೋದು ಒಂದೇ, ಫೋನು ಅಡ್ಡ ಬಂದಿದೆ. ದಿನಾ ರಾತ್ರಿ ವೀಡಿಯೋ ಕಾಲಿನಲ್ಲಿ ಮುಖ ನೋಡಿದವರಿಗೆ ಪ್ಲಾಟ್‌ಫಾರ್ಮಿನಲ್ಲಿ ಎಂಥ ಆಶ್ಚರ್ಯ? ನಾನು ಫೋನನ್ನೇ ಕಿತ್ತು ಹಾಕಿದೆ. ಕಥೆ 1999ರಲ್ಲಿ. ಹಿಂದಿನ ವರ್ಷ ಜನವರಿಯಲ್ಲಷ್ಟೇ ಕೊಂಕಣ ರೈಲು ಪೂರ್ತಿ ಶುರುವಾಗಿತ್ತು. ಕಾಗದ, ಎಸ್‌ಟಿಡಿ ಬೂತು. ಎರಡು ವರ್ಷದ ಹಿಂದೆ ಅವ ಬಸ್ಸಿನಲ್ಲಿ ಹೋದ, ಈಗ ರೈಲಿನಲ್ಲಿ ಬಂದ. ಊರೂ ಬದಲಾಗಿದೆ, ಇಬ್ಬರೂ ಬದಲಾಗಿದ್ದಾರೆ. ಕೂದಲು ಉದುರಿದ್ದೂ ಅವಳಿಗೆ ಹೊಸ ಸುದ್ದಿಯೇ. ಬಹುಮಾನ ಬಂದದ್ದು ನನ್ನ ಕಥೆಗೆ, ಬೇರೆಯವರಿಗೆ ಬಂದಿದ್ದರೆ ಹೇಳಲಿ.

ಬೆಟ್ಟದ ಮನೆ, ಶಿರಸಿ: ಮಾಸ್ತರೇ, ಇವರ ಕಥೆಯಲ್ಲಿ ಪಂಚಗಂಗಾ ಇದೆ. 1999ಕ್ಕೆ ಒಯ್ದರೆ ಆ ರೈಲೇ ಇರಲಿಲ್ಲ. ಆಗ ಬೆಂಗಳೂರಿಂದ ಕಾರವಾರಕ್ಕೆ ಬಸ್ಸೇ ಗತಿ.

ಅಂಕೋಲೆ ಮಾಸ್ತರ: ಮುಂಬೈಯಿಂದ ಬರಲಿ. ಅದೇನು ದೊಡ್ಡ ಸಂಗತಿ?

ಕಡವಾಡದವ: ಕಷ್ಟ ಬಂದಲ್ಲೆಲ್ಲ ಇಸವಿ ಬದಲಿಸೋದು ಓಡಿ ಹೋದ ಹಾಗೆ. ಫೋನಿನಲ್ಲಿ ಏನು ಕಾಣೋದಿಲ್ಲ ಅಂತ ಕೂತು ಯೋಚಿಸಿ. ಫೋನನ್ನ ಎದುರು ಹಿಡಿದಾಗ ಎದೆಯಿಂದ ಮೇಲಷ್ಟೇ ಕಾಣ್ತದೆ. ಕೈ ಬೆರಳು, ಕಾಲು, ಅವನ ಪಕ್ಕ ನಿಂತರೆ ತನ್ನ ತಲೆ ಎಲ್ಲಿಗೆ ಬರ್ತದೆ ಅನ್ನೋದು, ಮೈ ವಾಸನೆ, ಗದ್ದಲದಲ್ಲಿ ಧ್ವನಿ ಎಷ್ಟು ಏರ್ತದೆ, ಇವು ಯಾವುವೂ ಬರೋದಿಲ್ಲ. ಮತ್ತೊಂದಿದೆ. ಫೋನಿನಲ್ಲಿ ಮಾತು ನಿಂತರೆ "ಸಿಗ್ನಲ್ ಇಲ್ಲ" ಅಂತ ಇಡಬಹುದು. ಬೆಂಚಿನ ಮೇಲೆ ಮಾತು ನಿಂತರೆ ಇಡೋದಕ್ಕೆ ಏನೂ ಇಲ್ಲ. ಅವಳ ಹೆಬ್ಬೆರಳು ಕೆಂಪು ಗುಂಡಿ ಹುಡುಕೋ ಹಾಗೆ ಬ್ಯಾಗಿನ ಪಟ್ಟಿಯ ಮೇಲೆ ಆಡ್ತದೆ ಅಂತ ಒಂದು ವಾಕ್ಯ ಬರೆದಿದ್ದೆ. ಏಳು ಕರಡಿನಲ್ಲೂ ಉಳಿದದ್ದು ಅದೊಂದೇ.

ಗೋಕರ್ಣ ರಥಬೀದಿ: ತಮ್ಮಾ, ಎರಡು ವರ್ಷ ದೂರ ಇದ್ದವರು ಸ್ಟೇಶನ್ನಿನಲ್ಲಿ ಮನಸು ಬಿಚ್ಚಿ ಮಾತಾಡೋದು ಬೇಡ. ಮೊದಲು ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿ. ಎರಡು ದಿನ ನಿದ್ದೆ ಮಾಡಲಿ. ಎಲ್ಲ ಸರಿ ಆಗ್ತದೆ.

ಬೆಟ್ಟದ ಮನೆ, ಶಿರಸಿ: ಅಣ್ಣಾ, ಅದು ಕಥೆ. ಯಾರೂ ಬಂದಿಲ್ಲ.

ಗೋಕರ್ಣ ರಥಬೀದಿ: ಕಥೆಯಾದರೂ ಊಟ ಹಾಕ್ಲಿಕ್ಕೆ ಎಂತ?

ರೈಲು ಪ್ರೇಮಿ: ಒಂದು ಯಾರೂ ಕೇಳಲಿಲ್ಲ. ಬೆಂಗಳೂರು ಒಂದು ರಾತ್ರಿಯ ದಾರಿ. ಹಬ್ಬಕ್ಕೂ ಬಾರದೆ ಎರಡು ವರ್ಷ ಅಲ್ಲಿ ಎಂತ ಮಾಡ್ತಿದ್ದ? ಮೊದಲ ಪುಟದಲ್ಲೇ ಓದುಗ ಇದನ್ನ ಕೇಳ್ತಾನೆ.

ಕಡವಾಡದವ: ಈ ಒಂದು ಮಾತು ಒಪ್ಪಿದೆ. ಹೊರದೇಶದ ಕಾಂಟ್ರಾಕ್ಟ್ ಆದರೆ ಟಿಕೆಟ್ಟು ಸಿಗೋದೇ ಅವಧಿ ಮುಗಿದ ಮೇಲೆ, ಎರಡು ವರ್ಷಕ್ಕೆ ಲೆಕ್ಕ ಸಿಗ್ತದೆ. ವಿಮಾನ ಬೆಂಗಳೂರಿಗೆ, ಅಲ್ಲಿಂದ ಪಂಚಗಂಗಾ. ಪೆಟ್ಟಿಗೆಯ ಹಿಡಿಕೆಗೆ ಹರಿಯದೆ ಉಳಿದ ವಿಮಾನದ ಚೀಟಿ ಸಾಕು, ವಿವರಣೆ ಬೇಡ.

ಅಂಕೋಲೆ ಮಾಸ್ತರ: ಬೆಂಗಳೂರಿಗೆ ಯಾಕೆ ಇಳೀತಾನೆ? ಕಾರವಾರದವ ಗೋವಾಕ್ಕೆ ಇಳಿದು ಮಡಗಾಂವಿನಿಂದ ಬರ್ತಾನೆ. ಚೀಟಿ ಅಂಟಿಸಿದ ಕೂಡಲೇ ಸುಳ್ಳು ಸತ್ಯ ಆಗೋದಿಲ್ಲ.

ಕಡವಾಡದವ: ಟಿಕೆಟ್ ತೆಗೆಯೋದು ಕಂಪನಿ. ಅವನನ್ನ ಕೇಳಿ ತೆಗೀತದಾ?

ಕೇಳಿದವರು: ಎಲ್ಲರಿಗೂ ಧನ್ಯವಾದ. ಲೋಟದ ಉಪಾಯ ಹಿಡಿಸ್ತು, ಹತ್ತು ಬೋಗಿಯ ನಡಿಗೆಯೂ. ಆದರೆ ನನ್ನ ಕಥೆಯಲ್ಲಿ ಅವರಿಗೆ ಮದುವೆ ಆಗಿಲ್ಲ. ಮೇಲೆ "ಹುಡುಗ, ಹುಡುಗಿ" ಅಂತಲೇ ಬರೆದಿದ್ದೆ. ಮನೆಯಲ್ಲಿ ಗೊತ್ತಿಲ್ಲ. ಯಾರ ಲೋಟ ಯಾರು ಎತ್ತಿದರು ಅನ್ನೋ ಅಭ್ಯಾಸ ಅವರಿಗೆ ಎಲ್ಲಿಂದ ಬರಬೇಕು?

ಬೆಟ್ಟದ ಮನೆ, ಶಿರಸಿ: ಹಾಗಾದ್ರೆ ಸ್ಟೇಶನ್ ಪೂರ್ತಿ ಕಣ್ಣುಗಳೇ. ಶಿರವಾಡದಲ್ಲಿ ಗುರುತಿನವರು ಇಲ್ಲದೆ ಇರ್ತಾರಾ? ನಡಿಗೆ ಇಟ್ಕೊಳ್ಳಿ, ಆದರೆ ಅವರು ಎದುರಾಗಿ ನಿಲ್ಲಬಾರದು. ಒಬ್ಬರನ್ನೊಬ್ಬರು ದಾಟಿ ಹೋಗಬೇಕು, ಹೊರಗೆ ಸಿಗಬೇಕು.

ಕಡವಾಡದವ: ಲೋಟ ಬಿಡಿ, ಸ್ಕೂಟರ್ ಇರಲಿ. ಎರಡು ಹೆಲ್ಮೆಟ್ ತರ್ತಾಳೆ, ಮುಖ ಮುಚ್ಚೋದಕ್ಕೆ ಅದೇ ಅನುಕೂಲ. ಎರಡನೆಯದು ಅವನ ಹಳೆಯದು, ಹೋಗುವಾಗ ಅವಳ ಹತ್ತಿರ ಬಿಟ್ಟದ್ದು. ಈ ಎರಡು ವರ್ಷ ಅದನ್ನ ಹಾಕಿ ಓಡಿಸಿದ್ದು ಅವಳು, ಪಟ್ಟಿ ಅವಳ ಗದ್ದಕ್ಕೆ ಸರಿಯಾಗಿ ಕೂತಿದೆ. ಅವನು ಹಾಕ್ಕೊಂಡರೆ ಬಿಗಿ ಆಗ್ತದೆ. ಪಟ್ಟಿ ಸಡಿಲಿಸೋದು ಯಾರು ಅನ್ನೋದನ್ನ ನೀವು ಬರೀರಿ.

ರೈಲು ಪ್ರೇಮಿ: ಪೆಟ್ಟಿಗೆ ಎಲ್ಲಿಡ್ತಾರೆ ಅಂತ ಇನ್ನೂ ಹೇಳಲಿಲ್ಲ.