70 ಪರ್ಸೆಂಟ್ ಖಾತೆಯಲ್ಲಿ ಮೂರೂವರೆ ಕೋಟಿ ಕಮ್ಮಿ

ಕೇಳಿದವರು: ಬೆಂಗಳೂರಿನ ಒಬ್ಬ ಬಿಲ್ಡರ್ ಆಡಿಟ್, ನನಗೆ ಮೊದಲನೇ ಸಲ. ಈ ವರ್ಷ ಗ್ರಾಹಕರ ಲೆಡ್ಜರ್‌ಗಳಲ್ಲಿ 42 ಕೋಟಿ ಜಮಾ ಇದೆ, ರಿಯಲ್ ಎಸ್ಟೇಟ್ ಕಾನೂನು ರೇರಾ ಪ್ರಕಾರ ಗ್ರಾಹಕರ ಹಣದ 70 ಪರ್ಸೆಂಟ್ ಇಡಬೇಕಾದ ಪ್ರತ್ಯೇಕ ಖಾತೆಗೆ ಬಂದಿರೋದು 24.5 ಕೋಟಿ. "ಜಿಎಸ್‌ಟಿ ಕಳೆದ್ರೆ ಸರಿಹೋಗತ್ತೆ ಸಾರ್" ಅಂತಾರೆ ಅಕೌಂಟೆಂಟ್. ಎಲ್ಲಿಂದ ಹುಡುಕಲಿ?

ಹಿರಿಯ ಸಿಎ: ಸರಿಹೋಗಲ್ಲ. 5 ಪರ್ಸೆಂಟ್ ದರದಲ್ಲಿ ತೆರಿಗೆ 2 ಕೋಟಿ. ಉಳಿದ 40ರಲ್ಲಿ 70 ಭಾಗ ಅಂದ್ರೆ 28 ಕೋಟಿ. ಮೂರೂವರೆ ಕೋಟಿ ಕಮ್ಮಿ ಬಂತಲ್ಲ? ಟ್ಯಾಲಿಯಲ್ಲಿ ಗ್ರಾಹಕರ ಲೆಡ್ಜರ್‌ಗೆ ರಸೀದಿ ಇಲ್ಲದೆ, ಬ್ಯಾಂಕಿಗೆ ಹಣ ಬರದೆ ಲೆಕ್ಕದಲ್ಲಷ್ಟೇ ಬರೆಯೋ ಜರ್ನಲ್ ವೋಚರ್‌ನಿಂದ ಜಮಾ ಆದದ್ದನ್ನ ಸೋಸಿ ನೋಡಿ. ನನಗೊಮ್ಮೆ ಮಾರ್ಚ್ ಕೊನೆಯಲ್ಲಿ ಇಂಥ ಹನ್ನೊಂದು ವೋಚರ್ ಸಿಕ್ಕಿದ್ವು. ಕೊಳ್ಳುವವರ ಗೃಹಸಾಲದ ಹಣವನ್ನ ಬ್ಯಾಂಕು ಬಿಲ್ಡರ್‌ನ ಪ್ರಾಜೆಕ್ಟ್ ಸಾಲಕ್ಕೇ ನೇರ ಹಾಕಿಕೊಂಡಿತ್ತು. ಹಣ ರೇರಾ ಖಾತೆಯ ಮುಖವನ್ನೇ ನೋಡಿರಲಿಲ್ಲ.

ಇನ್ನೊಬ್ಬರು: ಆ ಸಾಲ ಕಟ್ಟಡಕ್ಕೇ ತಗೊಂಡಿದ್ದು ತಾನೆ? ಕೊನೆಗೆ ನಿರ್ಮಾಣಕ್ಕೇ ಹೋದ ಹಾಗಾಯ್ತು. ತಪ್ಪೇನಿದೆ?

ಹಿರಿಯ ಸಿಎ: ಅರ್ಧ ನಿಜ. ಆದ್ರೆ ಮೊದಲು ಖಾತೆಗೆ ಬರಬೇಕು, ಆಮೇಲೆ ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಸರ್ಟಿಫಿಕೇಟ್ ಮೇಲೆ ಕೆಲಸ ಆದಷ್ಟೇ ತೆಗೀಬೇಕು. ಇನ್ನೊಂದು ಅಪಾಯ ಕೇಳಿ. ಸಾಲದ ದುಡ್ಡಲ್ಲಿ ಕೊಂಡ ಸಿಮೆಂಟಿನ ಬಿಲ್ಲು ಆಗಲೇ ವೆಚ್ಚದಲ್ಲಿ ಸೇರಿದೆ. ಗ್ರಾಹಕರ ಹಣದಲ್ಲಿ ಆ ಸಾಲ ತೀರಿಸಿ, ಅದೇ ಬಿಲ್ಲು ತೋರಿಸಿ ರೇರಾ ಖಾತೆಯಿಂದಲೂ ತೆಗೆದ್ರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು.

ಫ್ಲ್ಯಾಟ್ ಕೊಂಡವರು: ನಾನು ಅಗ್ರಿಮೆಂಟ್ ಇಲ್ಲದೆ 20 ಪರ್ಸೆಂಟ್ ಕಟ್ಟಿದ್ದೀನಿ. ನನ್ನ ದುಡ್ಡೂ ಹೀಗೇ ಹೋಗಿರತ್ತಾ?

ಹಿರಿಯ ಸಿಎ: ಅದು ಖಾತೆ ನೋಡದೆ ಹೇಳೋಕಾಗಲ್ಲ. ಆದ್ರೆ ಅಗ್ರಿಮೆಂಟ್ ರಿಜಿಸ್ಟರ್ ಆಗದೆ 10 ಪರ್ಸೆಂಟ್‌ಗಿಂತ ಜಾಸ್ತಿ ತಗೊಳ್ಳೋ ಹಾಗೇ ಇಲ್ಲ. ಕೇಳಿದವರಿಗೂ ಇದು ಬೇಕು: ಇಂಥ ಹಣ ಮುಂಗಡವಾಗೇ ಉಳೀಬೇಕು, ಆದಾಯಕ್ಕೆ ಸೇರಬಾರದು. ನಿಮ್ಮ ಕಂಪನಿ ದೊಡ್ಡ ಕಂಪನಿಗಳ ಲೆಕ್ಕಪತ್ರ ನಿಯಮ ಇಂಡ್ ಎಎಸ್‌ಗೆ ಬರ್ತದಾ?

ಕೇಳಿದವರು: ಇಲ್ಲ ಸಾರ್, ಬಿಲ್ಡರ್‌ಗಳ ಆದಾಯ ಲೆಕ್ಕಕ್ಕಿರೋ ಸಿಎ ಸಂಸ್ಥೆಯ ಹಳೇ ಗೈಡೆನ್ಸ್ ನೋಟ್. ರೇರಾ ಸರ್ಟಿಫಿಕೇಟ್‌ನಲ್ಲಿ ಒಟ್ಟು ವೆಚ್ಚದ 49 ಪರ್ಸೆಂಟ್ ಆಗಿದೆ ಅಂತಿದೆ, ಅದನ್ನೇ ಹಿಡಿದು ಆದಾಯ ತೋರಿಸಿದ್ದಾರೆ.

ಹಿರಿಯ ಸಿಎ: ಅದರಲ್ಲಿ ಜಾಗದ ಬೆಲೆ ಎಷ್ಟು?

ಕೇಳಿದವರು: ಒಟ್ಟು ಅಂದಾಜು 100 ಕೋಟಿ. ಜಾಗ 40, ಪೂರ್ತಿ ಕೊಟ್ಟಾಗಿದೆ. ಕಟ್ಟಡ 60, ಖರ್ಚಾಗಿರೋದು 9.

ಹಿರಿಯ ಸಿಎ: ಹಾಗಾದ್ರೆ ಕಟ್ಟಡ ಬರೀ 15 ಪರ್ಸೆಂಟ್! ಗೈಡೆನ್ಸ್ ನೋಟ್ ಪ್ರಕಾರ ಆದಾಯ ತೋರಿಸೋಕೆ ಜಾಗ ಬಿಟ್ಟು ನಿರ್ಮಾಣ ವೆಚ್ಚವೇ 25 ಪರ್ಸೆಂಟ್ ಮುಟ್ಟಬೇಕು. ಈ ವರ್ಷ ಆದಾಯ ಸೊನ್ನೆ. ಬಿಲ್ಡರ್ ಕೂಗಾಡ್ತಾರೆ, ತಯಾರಾಗಿರಿ.

ಕೇಳಿದವರು (ಎರಡು ದಿನ ಬಿಟ್ಟು): ಜರ್ನಲ್ ಸೋಸಿದೆ. ಸಾಲಕ್ಕೆ ನೇರ ಹೋದದ್ದು 4.2 ಕೋಟಿ, ತೆರಿಗೆ ಬಿಟ್ಟು 4. ಅದರ 70 ಭಾಗ, 2.8 ಕೋಟಿ ಸಿಕ್ತು. ಇನ್ನೂ 70 ಲಕ್ಷ ಬಾಕಿ. ಅವರದೇ ಬೇರೆ ಪ್ರಾಜೆಕ್ಟಲ್ಲಿ ಬುಕಿಂಗ್ ಬಿಟ್ಟು ಇಲ್ಲಿಗೆ ಬಂದವರು ಆರು ಜನ ಇದ್ದಾರೆ, ಅವರ ಹಣ ಲೆಡ್ಜರಲ್ಲಿ ಮಾತ್ರ ಬಂದ ಹಾಗಿದೆ.

ಹಿರಿಯ ಸಿಎ: ಆ ಪ್ರಾಜೆಕ್ಟಿನ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ. ಅಲ್ಲಿಂದ ದುಡ್ಡು ಆಗಲೇ ಖರ್ಚಾಗಿದ್ರೆ ಇಲ್ಲಿಗೆ ತರೋದು ಯಾರ ಜೇಬಿಂದ ಅನ್ನೋದು ಬಿಲ್ಡರನ್ನೇ ಕೇಳಬೇಕಾದ ಮಾತು.