ಕಲ್ಲಿನ ಗೋಡೆಗೆ ಸಿಮೆಂಟ್ ಹಾಕಿಸಿದ ಮೇಲೆ ತೇವ ಇನ್ನೂ ಮೇಲಕ್ಕೆ ಏರಿದೆ

ನೇಕಾರಮನೆ, ಗುಳೇದಗುಡ್ಡ: ಅಜ್ಜನ ಕಾಲದ ಮನೆ. ಕಲ್ಲು, ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆ. ಪಡಸಾಲೆಯ ಗೋಡೆ ಬುಡದಲ್ಲಿ ತೇವ ಇತ್ತು ಅಂತ ಅಪ್ಪ 3 ಅಡಿವರೆಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಪುಟ್ಟಿ, ಎಮಲ್ಷನ್ ಮಾಡಿಸಿದ್ದರು. ಈಗ ಸಿಮೆಂಟ್ ಮುಗಿಯುವ ಗೆರೆಯಿಂದ ಮೇಲೆ, 5 ಅಡಿವರೆಗೂ ಹಳೆ ಸುಣ್ಣ ಉದುರುತ್ತಿದೆ. ಹತ್ತಿಯ ಹಾಗೆ ಬಿಳಿ ಉಪ್ಪು ಬೇರೆ. ವಾಟರ್‌ಪ್ರೂಫ್ ಬಣ್ಣ ಹೊಡೆಸಲೇ?

ಸೈಟ್‌ಕೆಲಸ, ವಿಜಯಪುರ: ಹೊರಗೆ ನೀರು ಎಲ್ಲಿಂದ ಬರ್ತಿದೆ ನೋಡಿ, ಮೊದಲು ಅದನ್ನು ನಿಲ್ಲಿಸಿ. ಆಮೇಲೆ ವಾಟರ್‌ಪ್ರೂಫ್ ಪುಡಿ ಹಾಕಿ ಸಿಮೆಂಟನ್ನೇ ಗಟ್ಟಿಯಾಗಿ ಹಚ್ಚಿಸಿ.

ಗೋಕಾಕದ ಅಕ್ಕ: ನಮ್ಮಲ್ಲೂ ಇದೇ ಕಥೆ. ಮಳೆ ಬಂದರೆ ಸ್ಲ್ಯಾಬಿನ ಮೂಲೆಯಿಂದ ನೀರು ಇಳಿಯುತ್ತದೆ. ಸುಣ್ಣ ಬಳಿದರೆ ನಿಲ್ಲುತ್ತಾ?

ಗಾರೆಕೆಲಸ, ಬಾಗಲಕೋಟೆ: ಅಕ್ಕಾರ, ನಿಮ್ಮದು ಮೇಲಿನಿಂದ ಸೋರೋದು. ಸುಣ್ಣ ಬಳಿದರೆ ನಿಲ್ಲಲ್ಲ, ಸ್ಲ್ಯಾಬನ್ನೇ ನೋಡಿಸಬೇಕು.

ಗುಳೇದಗುಡ್ಡದವರೇ, ಸೈಟ್‌ಕೆಲಸದವರ ಮೊದಲ ಮಾತು ಸರಿ, ಎರಡನೆಯದು ಬೇಡ. ನಿಮ್ಮ ಗೋಡೆಯ ಮಣ್ಣು ನೆಲದ ನೀರನ್ನು ಹೀರುತ್ತದೆ. ಮೊದಲು ಅದು ಬುಡದಲ್ಲೇ ಗಾಳಿಗೆ ಆರಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು, ನೀರು ಒಳಗೊಳಗೇ ಮೇಲೇರಿತು. ಸಿಮೆಂಟ್ ಮುಗಿದ ಕಡೆ ಹೊರಬಂದು ಆರುತ್ತಿದೆ, ಉಪ್ಪನ್ನು ಅಲ್ಲೇ ಬಿಡುತ್ತಿದೆ. ಇನ್ನೂ ಎತ್ತರಕ್ಕೆ ಸಿಮೆಂಟ್ ಹಾಕಿದರೆ ನೀರೂ ಅಷ್ಟೇ ಎತ್ತರಕ್ಕೆ ಹೋಗುತ್ತದೆ. ಬುಡದಲ್ಲಿ ಒಂದು ಗೇಣು ಸಿಮೆಂಟ್ ಕಿತ್ತು ಹಿಂದಿನ ಮಣ್ಣು ಮುಟ್ಟಿ ನೋಡಿ.

ನೇಕಾರಮನೆ: ಕಿತ್ತೆ ಸರ್. ಸಿಮೆಂಟ್ ಕಲ್ಲಿನ ಹಾಗೆ ಒಣಗಿದೆ. ಹಿಂದಿನ ಮಣ್ಣು ಕಣಕದ ಹಾಗೆ ಮೆತ್ತಗೆ, ಬೆರಳು ಒಳಗೇ ಹೋಯಿತು.

ಗಾರೆಕೆಲಸ: ಹಾಗಾದರೆ ಸಣ್ಣ ಉಳಿಯಿಂದ, ಕಲ್ಲು ಅಲುಗಾಡದಂತೆ ಪೂರ್ತಿ ತೆಗೆಸಿ. ಡ್ರಿಲ್ ಬೇಡ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಹೊರಗೆ ಚೆಲ್ಲಿ. ನೀರಲ್ಲಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಒಂದು ಬೇಸಿಗೆ ಗೋಡೆಯನ್ನು ಸುಮ್ನೆ ಬಿಡಿ.

ಸಂದಿಗಳಿಗೆ ಸುಣ್ಣದ ಗಾರೆ, ಕಲ್ಲಿನ ಚೂರು ತುಂಬಿಸಿ. ಪ್ಲಾಸ್ಟರಿಗೆ ನೆನೆಸಿ ಇಟ್ಟ ಸುಣ್ಣ 1 ಪಾಲು, ತೊಳೆದ ಉಸುಕು 3 ಪಾಲು. ಒಂದು ಪದರ ಅರ್ಧ ಇಂಚು ದಾಟಬಾರದು. ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿದರೆ ಉಗುರಿಗೇ ಪುಡಿಯಾಗಿ ಬರುತ್ತದೆ. ಹಸಿ ಗೋಣಿತಟ್ಟು ಇಳಿಬಿಟ್ಟು, ವಾರಕ್ಕೂ ಜಾಸ್ತಿ ದಿನ ತೇವ ಕಾಯಬೇಕು. ಕೊನೆಗೆ ಹಾಲಿನಷ್ಟು ತೆಳ್ಳಗಿನ ಸುಣ್ಣ 3-4 ಸಲ ಬಳಿಯಿರಿ. ಮೇಲೆ ಎಮಲ್ಷನ್ ಹೊಡೆದರೆ ಮಾಡಿದ್ದೆಲ್ಲ ವ್ಯರ್ಥ.

ಸೈಟ್‌ಕೆಲಸ: ಬರೀ ಸುಣ್ಣ ನಿಧಾನ ಅಲ್ವಾ? ಒಂದು ಬೊಗಸೆ ಸಿಮೆಂಟ್ ಸೇರಿಸಿದರೆ ಬೇಗ ಗಟ್ಟಿಯಾಗುತ್ತದೆ.

ಗಾರೆಕೆಲಸ: ಬೇಗ ಗಟ್ಟಿಯಾಗುತ್ತದೆ, ನಿಜ. ಮಣ್ಣಿನ ಗೋಡೆಗೆ ನಾನು ಹಾಕಲ್ಲ. ನುಣ್ಣಗಿನ ಇಟ್ಟಿಗೆ ಪುಡಿ ಹಾಕಿದರೂ ಬೇಗ ಹಿಡಿಯುತ್ತದೆ.

ಸೈಟ್‌ಕೆಲಸ: ನಾನು ಹಾಕಿಸಿದ್ದು ಇನ್ನೂ ಚೆನ್ನಾಗೇ ಇದೆ. ಅದು ಮಾತ್ರ ಇಟ್ಟಿಗೆ ಗೋಡೆ.

ನೇಕಾರಮನೆ: ಗೋಡೆ ಆಚೆಗೆ ಪಕ್ಕದ ಮನೆಯ ಬಚ್ಚಲು ಇದೆ. ಅದರ ನೀರು ನಮ್ಮ ಬುಡಕ್ಕೇ ನಿಲ್ಲುತ್ತದೆ. ಅವರು ಪೈಪ್ ಹಾಕಿಸಲು ಇನ್ನೂ ಒಪ್ಪಿಲ್ಲ. ಅಲ್ಲಿವರೆಗೆ ಪ್ಲಾಸ್ಟರ್ ಮಾಡಿಸಬಹುದಾ?

ಗಾರೆಕೆಲಸ: ಬೇಡ. ಸಿಮೆಂಟ್ ಮಾತ್ರ ಈಗಲೇ ತೆಗೆಸಿ, ಗೋಡೆ ಬರಿದೇ ಇರಲಿ.